ಕೊನೆಯ ಆರು ವಾರ: ಟಿಕ್, ಚುಕ್ಕೆ, ಪ್ರಶ್ನಾರ್ಥಕ ಚಿಹ್ನೆ

ಪರೀಕ್ಷೆಗೆ ಆರು ವಾರ ಇದೆ ಅನ್ನುವಾಗ ಹೆಚ್ಚಿನವರು ನನ್ನ ಹತ್ತಿರ ಕೇಳುವುದು ಒಂದೇ ಪ್ರಶ್ನೆ: "ಸರ್, ಇನ್ನು ಯಾವ ಪುಸ್ತಕ ಓದಲಿ?" ಹೊಸ ಪುಸ್ತಕ ಬೇಡ ಅನ್ನುತ್ತೇನೆ. ಈ ಹೊತ್ತಿಗೆ ನೀವು ಸಾಕಷ್ಟು ಓದಿರುತ್ತೀರಿ. ಓದಿದ್ದರಲ್ಲಿ ಎಷ್ಟು ಅಂಕವಾಗಿ ಬರುತ್ತಿದೆ, ಉಳಿದದ್ದು ಎಲ್ಲಿ ಸೋರಿಹೋಗುತ್ತಿದೆ ಎಂಬುದನ್ನು ಈಗ ಹುಡುಕಬೇಕು. ನಾಲ್ಕು ಆಪ್ಷನ್ ಮತ್ತು ನೆಗೆಟಿವ್ ಮಾರ್ಕಿಂಗ್ ಇರುವ ಪರೀಕ್ಷೆಗೆ ನಾನು ಹಾಕಿಕೊಡುವ ಆರು ವಾರದ ಲೆಕ್ಕ ಇಲ್ಲಿದೆ.

ಮೊದಲನೇ ವಾರ

ಯಾವ ತಯಾರಿಯೂ ಇಲ್ಲದೆ ಒಂದು ಪೂರ್ತಿ ಮಾಕ್ ಟೆಸ್ಟ್ ಬರೆಯಿರಿ. ಆದರೆ ಪ್ರತಿ ಉತ್ತರದ ಪಕ್ಕ ಒಂದು ಗುರುತು ಹಾಕಿ. ಖಚಿತವಾಗಿ ಗೊತ್ತಿದ್ದರೆ ಟಿಕ್. ಎರಡು ಆಪ್ಷನ್‌ಗಳ ನಡುವೆ ಒದ್ದಾಡಿದ್ದರೆ ಚುಕ್ಕೆ. ಬರೀ ಊಹೆಯಾದರೆ ಪ್ರಶ್ನಾರ್ಥಕ ಚಿಹ್ನೆ. ಗುರುತನ್ನು ಉತ್ತರ ಬರೆಯುವಾಗಲೇ ಹಾಕಬೇಕು. ಕೀ ಉತ್ತರ ನೋಡಿದ ಮೇಲೆ "ಇದು ನನಗೆ ಗೊತ್ತಿತ್ತು" ಅಂತ ಎಲ್ಲರಿಗೂ ಅನ್ನಿಸುತ್ತದೆ, ಆಗ ಹಾಕಿದ ಗುರುತಿಗೆ ಬೆಲೆ ಇಲ್ಲ.

ನನ್ನ ಒಬ್ಬ ವಿದ್ಯಾರ್ಥಿನಿಯ ಮೊದಲ ಟೆಸ್ಟ್ ಹೇಳುತ್ತೇನೆ. 100 ಪ್ರಶ್ನೆ, 2 ಗಂಟೆ, ಸರಿಗೆ 1 ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಆಕೆ 92 ಪ್ರಶ್ನೆಗೆ ಉತ್ತರ ಬರೆದಿದ್ದಳು. 58 ಸರಿ, 34 ತಪ್ಪು. ಒಟ್ಟು 49.5. "ಇನ್ನೂ ಓದಬೇಕು ಸರ್" ಅಂದಳು. ಗುರುತುಗಳನ್ನು ಬಿಡಿಸಿ ನೋಡಿದೆವು. ಟಿಕ್ ಇದ್ದದ್ದು 50, ಅದರಲ್ಲಿ 44 ಸರಿ. ಚುಕ್ಕೆ ಇದ್ದದ್ದು 24, ಸರಿ ಬಂದದ್ದು 11. ಊಹೆ ಮಾಡಿದ್ದು 18, ಸರಿ ಬಂದದ್ದು ಬರೀ 3.

ಹಾಗಾಗಿ ಆಕೆಯ ತಪ್ಪುಗಳು ಮೂರು ಬಗೆಯವು: ಊಹೆಯಲ್ಲಿ 15, ಗೊಂದಲದಲ್ಲಿ 13, ಖಚಿತ ಅಂದುಕೊಂಡದ್ದರಲ್ಲಿ 6. ಒಂದೊಂದಕ್ಕೂ ಬೇರೆ ಬೇರೆ ಮದ್ದು. ಎಲ್ಲವನ್ನೂ "ಇನ್ನೂ ಓದಬೇಕು" ಅಂತ ಒಂದೇ ಚೀಲಕ್ಕೆ ತುಂಬಿದರೆ ಆರು ವಾರ ಸುಮ್ನೆ ಕಳೆದುಹೋಗುತ್ತದೆ. ಟೆಸ್ಟ್‌ಗೆ 2 ಗಂಟೆ ಆದರೆ ಈ ಬಿಡಿಸುವ ಕೆಲಸಕ್ಕೆ 4 ಗಂಟೆ ಇಟ್ಟುಕೊಳ್ಳಿ. ಈ ವಾರದ ಮುಖ್ಯ ಓದು ಅದೇ.

ಎರಡನೇ ವಾರ

ಈ ವಾರ ಪೂರ್ತಿ ಚುಕ್ಕೆಗಳಿಗೆ. ಅತಿ ಹೆಚ್ಚು ಅಂಕ ಸಿಗುವ ಜಾಗ ಇದು, ಯಾಕೆಂದರೆ ಅರ್ಧ ದಾರಿ ನೀವು ಆಗಲೇ ನಡೆದಿರುತ್ತೀರಿ. ಆಕೆಗೆ ಬೆರಿಬೆರಿ ವಿಟಮಿನ್ ಕೊರತೆಯಿಂದ ಬರುತ್ತದೆ ಎಂದು ಗೊತ್ತಿತ್ತು. ಬಿ1 ಕೊರತೆಯೋ ಬಿ3 ಕೊರತೆಯೋ ಎನ್ನುವಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಇಂಥದ್ದಕ್ಕೆ ಇಡೀ ಅಧ್ಯಾಯ ಮತ್ತೆ ಓದಬೇಡಿ. ಗೊಂದಲವಾದ ಎರಡನ್ನು ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆಯಿರಿ: ಬಿ1 ಕೊರತೆಗೆ ಬೆರಿಬೆರಿ, ಬಿ3 ಕೊರತೆಗೆ ಪೆಲ್ಲಾಗ್ರಾ. ಒಂದು ಜೋಡಿಗೆ ಎರಡು ಸಾಲು ಸಾಕು.

ಮಾರನೇ ದಿನ ಹಾಳೆ ಮುಚ್ಚಿಟ್ಟು ನೆನಪಿನಿಂದ ಬರೆಯಿರಿ. ಮೂರು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ. ನೋಡಿ ಓದುವುದಕ್ಕೂ ಮುಚ್ಚಿ ನೆನಪಿಸಿಕೊಳ್ಳುವುದಕ್ಕೂ ದೊಡ್ಡ ವ್ಯತ್ಯಾಸ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿ ನೋಡಿದರು. ಓದಿದ್ದನ್ನೇ ಮತ್ತೆ ಓದಿದವರು 5 ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿಬಿಟ್ಟಿತು: ಮತ್ತೆ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ. 42, ನೆನಪಿಸಿಕೊಂಡು ಬರೆದವರಿಗೆ ಶೇ. 56. ಮರು ಓದು ಮುಗಿಸಿದ ಕೂಡಲೇ "ಎಲ್ಲಾ ಬರುತ್ತಿದೆ" ಅನ್ನಿಸುವುದು ಇದೇ ಕಾರಣಕ್ಕೆ. ಆ ಅನ್ನಿಸಿಕೆಯನ್ನು ನಂಬಬೇಡಿ.

ಮೂರನೇ ವಾರ

ಎರಡನೇ ಮಾಕ್ ಟೆಸ್ಟ್ ಬರೆಯಿರಿ, ಗುರುತು ಹಾಕಿ. ಆಮೇಲೆ ಟಿಕ್ ಹಾಕಿಯೂ ತಪ್ಪಾದವನ್ನು ಮಾತ್ರ ತೆಗೆದುಕೊಳ್ಳಿ. ಎಣಿಕೆಯಲ್ಲಿ ಕಡಿಮೆ, ಆದರೆ ಅಪಾಯ ಜಾಸ್ತಿ. ಅನುಮಾನವೇ ಇಲ್ಲದ ಉತ್ತರವನ್ನು ಯಾರೂ ಎರಡನೇ ಸಲ ನೋಡುವುದಿಲ್ಲ, ಅಲ್ವಾ?

ಆಕೆಯ ಮೊದಲ ಟೆಸ್ಟ್‌ನ 6ರಲ್ಲಿ 4 ಪ್ರಶ್ನೆಗಳು "ಸರಿಯಲ್ಲದ ಹೇಳಿಕೆ ಯಾವುದು" ಎಂಬ ಬಗೆಯವು. ಮೊದಲು ಕಂಡ ಸರಿ ಹೇಳಿಕೆಗೆ ಗುರುತು ಹಾಕಿ ಮುಂದೆ ಹೋಗಿದ್ದಳು. ಇದಕ್ಕೆ ಓದು ಬೇಡ, ಪೆನ್ನು ಬೇಕು. "ಅಲ್ಲ", "ಹೊರತುಪಡಿಸಿ", "ತಪ್ಪಾದ" ಎಂಬ ಪದಗಳಿಗೆ ಸುತ್ತು ಹಾಕಿ, ಪ್ರತಿ ಹೇಳಿಕೆಯ ಪಕ್ಕ ಸರಿ ಅಥವಾ ತಪ್ಪು ಎಂದು ಬರೆದ ಮೇಲೆಯೇ ಉತ್ತರ ಆರಿಸಬೇಕು ಅಂದೆ. ಎರಡು ವಾರದಲ್ಲಿ ಅದು ರೂಢಿಯಾಯಿತು. ಉಳಿದ 2 ನಿಜವಾಗಿಯೂ ತಪ್ಪು ಕಲಿತದ್ದು. ಬೆಲೆ ಶೇ. 20 ಏರಿ, ಆಮೇಲೆ ಶೇ. 20 ಇಳಿದರೆ ಮೊದಲಿನಷ್ಟೇ ಆಗುತ್ತದೆ ಎಂದು ಆಕೆ ನಂಬಿದ್ದಳು. 100 ಏರಿ 120 ಆಗುತ್ತದೆ. ಇಳಿಕೆ ಲೆಕ್ಕ ಹಾಕುವುದು 120ರ ಮೇಲೆ, ಅಂದರೆ 24. ಉಳಿಯುವುದು 96. ಇಂಥ ತಪ್ಪನ್ನು ನಿಮ್ಮ ಕೈಯಾರೆ ಲೆಕ್ಕ ಮಾಡಿ ಮುರಿಯಬೇಕು. ಸೂತ್ರ ಓದಿದರೆ ಹಳೆಯ ನಂಬಿಕೆ ಹೋಗುವುದಿಲ್ಲ.

ನಾಲ್ಕನೇ ವಾರ

ಈಗ ಊಹೆಗಳಿಗೆ ಬರೋಣ. ಕಾಲು ಅಂಕ ಕಡಿತ ಇದ್ದಾಗ ಕಣ್ಣುಮುಚ್ಚಿ ಊಹಿಸಿದರೆ ಸರಾಸರಿ ಲಾಭ ಒಂದು ಪ್ರಶ್ನೆಗೆ ಹದಿನಾರನೇ ಒಂದು ಅಂಕ. ಮೂರನೇ ಒಂದು ಕಡಿತ ಇದ್ದರೆ ಸೊನ್ನೆ. ಎರಡು ಆಪ್ಷನ್‌ಗಳನ್ನು ಖಚಿತವಾಗಿ ತೆಗೆದುಹಾಕಿದ್ದರೆ ಮಾತು ಬೇರೆ: ಮೂರನೇ ಒಂದು ಕಡಿತ ಇದ್ದಾಗಲೂ ಸರಾಸರಿ ಮೂರನೇ ಒಂದು ಅಂಕ ಉಳಿಯುತ್ತದೆ. ಆದ್ದರಿಂದ ಚುಕ್ಕೆಯನ್ನು ಬಿಡಬೇಡಿ, ಬರೀ ಊಹೆಯನ್ನು ಬಿಡಿ.

ಆಕೆ 18 ಊಹೆಗಳಿಂದ ಕಳೆದುಕೊಂಡದ್ದು ಮುಕ್ಕಾಲು ಅಂಕ ಮಾತ್ರ. ಆದರೆ ಅವುಗಳ ಮುಂದೆ ಕೂತು ಕಳೆದದ್ದು 20 ನಿಮಿಷಕ್ಕೂ ಜಾಸ್ತಿ. ಕೊನೆಯ ಪುಟದ ಪ್ರಶ್ನೆಗಳನ್ನು ಅವಸರದಲ್ಲಿ ಮಾಡಿ ಕೆಡಿಸಿಕೊಂಡದ್ದು ಅದರಿಂದಲೇ. ಅದಕ್ಕೆ ಮೂರನೇ ಟೆಸ್ಟನ್ನು ಎರಡು ಸುತ್ತಿನಲ್ಲಿ ಬರೆಸಿದೆ. ಮೊದಲ ಸುತ್ತಿನ 70 ನಿಮಿಷದಲ್ಲಿ ಟಿಕ್ ಹಾಕುವಂಥವನ್ನು ಮಾತ್ರ ಮಾಡುವುದು, ಉಳಿದವಕ್ಕೆ ಗುರುತಿಟ್ಟು ದಾಟುವುದು. ಎರಡನೇ ಸುತ್ತಿನ 40 ನಿಮಿಷ ಚುಕ್ಕೆಗಳಿಗೆ. ಕೊನೆಯ 10 ನಿಮಿಷ ಒಎಂಆರ್ ಶೀಟ್ ತಾಳೆ ನೋಡಲು. ಪ್ರಶ್ನೆ ದಾಟಿ ಬರೆಯುವವರು ಇದನ್ನು ಬಿಡಲೇಬಾರದು. ಒಂದು ಸಾಲು ಜಾರಿದರೆ ಅದರ ಕೆಳಗಿನದೆಲ್ಲ ಜಾರುತ್ತದೆ.

ಐದನೇ ವಾರ

ಎರಡು ಪೂರ್ತಿ ಟೆಸ್ಟ್, ನಿಜವಾದ ಪರೀಕ್ಷೆ ನಡೆಯುವ ಹೊತ್ತಿಗೇ ಬರೆಯಿರಿ. ನಡುವೆ ಎರಡು ದಿನ ಬಿಡಿ, ಇಲ್ಲವಾದರೆ ತಪ್ಪು ಬಿಡಿಸಲು ಸಮಯ ಸಿಗುವುದಿಲ್ಲ. ದಿನಕ್ಕೊಂದು ಟೆಸ್ಟ್ ಬರೆದು ಅಂಕ ಮಾತ್ರ ನೋಡಿ ಮಡಚಿಡುವವರ ತಪ್ಪುಗಳು ಟೆಸ್ಟ್‌ನಿಂದ ಟೆಸ್ಟ್‌ಗೆ ಬದಲಾಗದೆ ಉಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಆಕೆ ಈ ವಾರದ ಎರಡನೇ ಟೆಸ್ಟ್‌ನಲ್ಲಿ 79 ಪ್ರಶ್ನೆ ಮಾತ್ರ ಮುಟ್ಟಿದಳು. 66 ಸರಿ, 13 ತಪ್ಪು. ಅಂಕ 62.75. ಮೊದಲಿಗಿಂತ 13 ಪ್ರಶ್ನೆ ಕಡಿಮೆ ಬರೆದು 13 ಅಂಕ ಜಾಸ್ತಿ ಪಡೆದಿದ್ದಳು. ನಿಮ್ಮ ಅಂಕ ಏರದೇ ಇದ್ದರೆ ಗುರುತುಗಳನ್ನು ಹೋಲಿಸಿ ನೋಡಿ. ಟಿಕ್‌ಗಳೇ ಹೆಚ್ಚಾಗಿಲ್ಲ ಎಂದಾದರೆ ತೊಂದರೆ ಓದಿನದ್ದೇ. ಆಗ ಈ ಲೆಕ್ಕದಿಂದ ಹೆಚ್ಚು ಸಿಗುವುದಿಲ್ಲ. ಪದೇ ಪದೇ ಪ್ರಶ್ನೆ ಬರುವ ಎರಡು ಅಧ್ಯಾಯ ಆರಿಸಿಕೊಂಡು ಅವನ್ನಷ್ಟೇ ಗಟ್ಟಿ ಮಾಡಿ.

ಆರನೇ ವಾರ

ಕೊನೆಯ ಟೆಸ್ಟ್ ಪರೀಕ್ಷೆಗೆ ನಾಲ್ಕು ದಿನ ಮೊದಲೇ ಮುಗಿದಿರಲಿ. ಆಮೇಲೆ ಉಳಿಯುವುದು ಜೋಡಿ ಹಾಳೆಗಳು. ಆಕೆಯ ಹತ್ತಿರ ಅಷ್ಟು ಹೊತ್ತಿಗೆ 11 ಹಾಳೆ ಇದ್ದವು. ದಿನವೂ ಮುಚ್ಚಿ ಬರೆಯುವುದು, ಸರಿ ಬಂದ ಜೋಡಿಯನ್ನು ಹೊಡೆದುಹಾಕುವುದು. ಪರೀಕ್ಷೆಯ ಹಿಂದಿನ ದಿನ ಹೊಡೆಯದೇ ಉಳಿದ ಜೋಡಿಗಳನ್ನು ಒಂದೇ ಹಾಳೆಗೆ ಇಳಿಸಿದಳು. ಬೆಳಿಗ್ಗೆ ಹೊರಡುವ ಮುಂಚೆ ನೋಡಿಕೊಂಡದ್ದು ಅದೊಂದನ್ನೇ.