ಸೊನ್ನೆಯ ಆಚೆ ಈಚೆ: ಸ್ವಿಚ್ ತೆರೆದ ಕ್ಷಣದಲ್ಲಿ ಇಂಡಕ್ಟರಿನ ಆರಂಭಿಕ ಸ್ಥಿತಿ

ಹಳೆಯ ಟ್ರಾನ್ಸ್‌ಫಾರ್ಮರ್ ಒಂದರ ತಂತಿ ಒಳಗೆಲ್ಲಾದರೂ ಕಡಿದಿದೆಯೇ ಎಂದು ನಾನೊಮ್ಮೆ ಮುಳ್ಳಿನ ಮಲ್ಟಿಮೀಟರಿನಿಂದ ನೋಡುತ್ತಿದ್ದೆ. ಮೀಟರಿನೊಳಗೆ ಇದ್ದದ್ದು ಎರಡು ಪೆನ್‌ಸೆಲ್, ಒಟ್ಟು 3 ವೋಲ್ಟ್. ಸುರುಳಿಯ ಎರಡೂ ತುದಿಗಳನ್ನು ಬೆರಳಿನಿಂದಲೇ ಒತ್ತಿ ಹಿಡಿದಿದ್ದೆ. ಮುಳ್ಳು ಏರಿ ನಿಂತಿತು, ನನಗೇನೂ ಆಗಲಿಲ್ಲ. ಮೀಟರಿನ ಕಡ್ಡಿ ತೆಗೆದ ಕ್ಷಣ ಕೈಗೆ ಜೋರಾಗಿ ಶಾಕ್ ಹೊಡೆಯಿತು. ಸೆಲ್ ಜೋಡಿಸಿದ್ದಾಗ ಸುಮ್ಮನಿದ್ದ ಸುರುಳಿ ಸೆಲ್ ಬಿಡಿಸಿದ ಮೇಲೆ ಹೊಡೆದದ್ದೇಕೆ? ಈ ಪ್ರಶ್ನೆಗೆ ಉತ್ತರ ಸರ್ಕ್ಯೂಟ್ ಪಾಠದ ಒಂದು ಪದದಲ್ಲಿದೆ: ಆರಂಭಿಕ ಸ್ಥಿತಿ.

ಮೊದಲು ಮಾತಿನ ಗೊಂದಲವೊಂದನ್ನು ಬಿಡಿಸಿಕೊಳ್ಳೋಣ. ಸ್ವಿಚ್ ‘ತೆರೆಯುವುದು’ ಎಂದರೆ ಇಲ್ಲಿ ಆಫ್ ಮಾಡುವುದು, ದಾರಿ ಕಡಿಯುವುದು. ಬಾಗಿಲು ತೆರೆದರೆ ದಾರಿಯಾಗುತ್ತದೆ, ಸ್ವಿಚ್ ತೆರೆದರೆ ದಾರಿ ಹೋಗುತ್ತದೆ. ಆ ಗಳಿಗೆಯನ್ನು t = 0 ಎಂದು ಕರೆಯುತ್ತೇವೆ. ಅದಕ್ಕೆ ಕೂದಲೆಳೆಯಷ್ಟು ಮುಂಚಿನ ಕ್ಷಣ 0⁻, ಕೂದಲೆಳೆಯಷ್ಟು ಆಮೇಲಿನ ಕ್ಷಣ 0⁺. 0⁺ ಕ್ಷಣದಲ್ಲಿ ಸರ್ಕ್ಯೂಟಿನೊಳಗೆ ಇರುವ ಕರೆಂಟು, ವೋಲ್ಟೇಜುಗಳೇ ಆರಂಭಿಕ ಸ್ಥಿತಿ. ಮುಂದೆ ಆಗುವುದೆಲ್ಲ ಅಲ್ಲಿಂದ ಹೊರಡುತ್ತದೆ.

0⁻ನಿಂದ 0⁺ಗೆ ದಾಟುವಾಗ ಯಾವುದು ಬದಲಾಗದೆ ಉಳಿಯುತ್ತದೆ ಎಂಬುದೇ ಇಲ್ಲಿ ಮುಖ್ಯ. ಇಂಡಕ್ಟರಿನ, ಅಂದರೆ ಸುರುಳಿಯ, ನಿಯಮ ಚಿಕ್ಕದು:

v = L · di/dt

ಕರೆಂಟು ಎಷ್ಟು ಬೇಗ ಬದಲಾಗುತ್ತದೋ ಅಷ್ಟು ವೋಲ್ಟೇಜ್ ಹುಟ್ಟುತ್ತದೆ. ಕರೆಂಟು ಒಂದೇ ನೆಗೆತಕ್ಕೆ ಬದಲಾಗಬೇಕಾದರೆ ಅನಂತ ವೋಲ್ಟೇಜ್ ಬೇಕು. ಶಕ್ತಿಯ ಕಡೆಯಿಂದ ನೋಡಿದರೂ ಇದೇ ಮಾತು. ಸುರುಳಿಯ ಸುತ್ತಲಿನ ಕಾಂತಕ್ಷೇತ್ರದಲ್ಲಿ ½LI² ಜೂಲ್ ಶಕ್ತಿ ಕೂಡಿಟ್ಟಿದೆ, ಅದು ಸಮಯವೇ ಹಿಡಿಯದೆ ಮಾಯವಾಗಲಾರದು. ಹಾಗಾಗಿ ಸುರುಳಿಯ ಕರೆಂಟು 0⁻ನಲ್ಲಿ ಎಷ್ಟಿತ್ತೋ 0⁺ನಲ್ಲೂ ಅಷ್ಟೇ, ದಿಕ್ಕೂ ಅದೇ. ವೋಲ್ಟೇಜಿಗೆ ಈ ಕಟ್ಟಳೆಯಿಲ್ಲ. ಅದು ಮೇಲಿಂದ ಕೆಳಕ್ಕೆ, ಪ್ಲಸ್ಸಿನಿಂದ ಮೈನಸ್ಸಿಗೆ, ಬೇಕಾದಷ್ಟು ನೆಗೆಯಬಹುದು.

ಒಂದು ಲೆಕ್ಕ ಮಾಡಿಯೇ ನೋಡೋಣ. 12 ವೋಲ್ಟಿನ ಡಿಸಿ ಮೂಲ, ಅದರ ಪ್ಲಸ್ ಕಡೆಯಲ್ಲಿ ಸ್ವಿಚ್, ಆಮೇಲೆ ಒಂದು ರಿಲೇ ಸುರುಳಿ. ಸುರುಳಿಯ ಇಂಡಕ್ಟೆನ್ಸ್ L = 0.5 ಹೆನ್ರಿ, ತಂತಿಯ ರೋಧ r = 100 ಓಮ್. ಸುರುಳಿಗೆ ಅಡ್ಡಲಾಗಿ, ಅಂದರೆ ಸಮಾಂತರವಾಗಿ, 1000 ಓಮ್ ರೆಸಿಸ್ಟರ್ ಒಂದಿದೆ. ಸ್ವಿಚ್ ಆನ್ ಆಗಿ ಬಹಳ ಹೊತ್ತಾಗಿದೆ.

‘ಬಹಳ ಹೊತ್ತು’ ಎಂದರೆ ಎಷ್ಟು? ಸ್ವಿಚ್ ಹಾಕಿದಾಗ ಕರೆಂಟು ಏರುವ ಕಾಲ ಸ್ಥಿರಾಂಕ L/r, ಅಂದರೆ 0.5/100 = 5 ಮಿಲಿಸೆಕೆಂಡ್. ಅದರ ಐದು ಪಟ್ಟು, 25 ಮಿಲಿಸೆಕೆಂಡ್ ಕಳೆದರೆ ಕರೆಂಟು ನೆಲೆಗೆ ಬಂದಂತೆ. ಆಗ di/dt ಸೊನ್ನೆ, ಶುದ್ಧ ಇಂಡಕ್ಟೆನ್ಸಿನ ಮೇಲಿನ ವೋಲ್ಟೇಜ್ ಸೊನ್ನೆ, ಸುರುಳಿ ಬರೀ 100 ಓಮಿನ ತಂತಿಯಂತೆ ಕಾಣುತ್ತದೆ. ಕರೆಂಟು 12/100 = 0.12 ಆಂಪಿಯರ್. ಪಕ್ಕದ ರೆಸಿಸ್ಟರಿನಲ್ಲಿ 12 ಮಿಲಿಆಂಪಿಯರ್. ಸ್ವಿಚ್ಚಿನಲ್ಲಿ ಎರಡೂ ಸೇರಿ 132 ಮಿಲಿಆಂಪಿಯರ್. ಇದು 0⁻ನ ಚಿತ್ರ.

ಈಗ ಸ್ವಿಚ್ ತೆರೆಯಿತು. ಸ್ವಿಚ್ಚಿನ ಕರೆಂಟು ಸೊನ್ನೆಗೆ ಇಳಿಯಿತು, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಸುರುಳಿಯ 0.12 ಆಂಪಿಯರ್ ಮಾತ್ರ ಹಾಗೇ ಇರಬೇಕು. ಅದಕ್ಕೆ ಉಳಿದಿರುವ ದಾರಿ ಒಂದೇ, ಪಕ್ಕದ ರೆಸಿಸ್ಟರ್. ಸುರುಳಿಯಲ್ಲಿ ಮೇಲಿನಿಂದ ಕೆಳಗೆ ಹರಿದ ಕರೆಂಟು ರೆಸಿಸ್ಟರಿನಲ್ಲಿ ಕೆಳಗಿನಿಂದ ಮೇಲಕ್ಕೆ ಹತ್ತಿ ಸುತ್ತು ಪೂರ್ತಿ ಮಾಡುತ್ತದೆ. ಒಂದು ಗಳಿಗೆಯ ಹಿಂದೆ ಅದೇ ರೆಸಿಸ್ಟರಿನಲ್ಲಿ 12 ಮಿಲಿಆಂಪಿಯರ್ ಕೆಳಮುಖವಾಗಿತ್ತು, ಈಗ 120 ಮಿಲಿಆಂಪಿಯರ್ ಮೇಲ್ಮುಖ. ರೆಸಿಸ್ಟರಿಗೆ ನೆನಪಿಲ್ಲ, ಅದರ ಕರೆಂಟು ನೆಗೆಯಬಹುದು. ಪರೀಕ್ಷೆಗಳಲ್ಲಿ ನಾನು ಕಂಡಿರುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ ಆಗುತ್ತವೆ. ‘ಕರೆಂಟು ನೆಗೆಯುವುದಿಲ್ಲ’ ಎಂಬುದು ಇಂಡಕ್ಟರಿಗೆ ಮಾತ್ರ ಸೇರಿದ ಮಾತು. ಅದನ್ನು ಸ್ವಿಚ್ಚಿಗೂ ರೆಸಿಸ್ಟರಿಗೂ ಹಚ್ಚಿದರೆ ಉತ್ತರ ಪೂರ್ತಿ ಕೆಡುತ್ತದೆ.

1000 ಓಮಿನಲ್ಲಿ 0.12 ಆಂಪಿಯರ್ ಹರಿದರೆ 120 ವೋಲ್ಟ್. ಮೂಲ ಇರುವುದು 12 ವೋಲ್ಟ್, ಸುರುಳಿಯ ತುದಿಗಳ ನಡುವೆ ಈಗ 120 ವೋಲ್ಟ್, ಅದೂ ತಲೆಕೆಳಗಾಗಿ. ಮೊದಲು ಪ್ಲಸ್ ಆಗಿದ್ದ ಮೇಲಿನ ತುದಿ ಈಗ ಮೈನಸ್. ಸ್ವಿಚ್ಚಿನ ಒಂದು ಮಗ್ಗುಲಲ್ಲಿ +12, ಇನ್ನೊಂದು ಮಗ್ಗುಲಲ್ಲಿ −120. ಅದು ತಡೆಯಬೇಕಾದ್ದು 132 ವೋಲ್ಟ್. ಗಮನಿಸಿ, ಈ 120ರ ಲೆಕ್ಕದಲ್ಲಿ ಮೂಲದ ವೋಲ್ಟೇಜ್ ನೇರವಾಗಿ ಬರಲೇ ಇಲ್ಲ. ಬಂದದ್ದು ಸುರುಳಿಯ ಕರೆಂಟು, ಅದಕ್ಕೆ ಸಿಕ್ಕ ದಾರಿಯ ರೋಧ, ಎರಡೇ. ಇಂಡಕ್ಟೆನ್ಸ್ ಕೂಡ ಇಲ್ಲ! L ದೊಡ್ಡದಾದಷ್ಟೂ ನೆಗೆತ ಎತ್ತರವಾಗುತ್ತದೆ ಎಂದು ಹಲವರು ನಂಬಿರುತ್ತಾರೆ. ರೆಸಿಸ್ಟರಿನ ದಾರಿ ಇರುವಾಗ L ನಿರ್ಧರಿಸುವುದು ಆ ವೋಲ್ಟೇಜ್ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು. ಈಗಿನ ಕಾಲ ಸ್ಥಿರಾಂಕ τ = 0.5/1100, ಸುಮಾರು 0.45 ಮಿಲಿಸೆಕೆಂಡ್. ಕರೆಂಟು i(t) = 0.12·e^(−t/τ) ಎಂದು ಇಳಿಯುತ್ತದೆ, ಅದರ ಜೊತೆಗೇ ವೋಲ್ಟೇಜೂ ಕರಗುತ್ತದೆ. ಕೂಡಿಟ್ಟಿದ್ದ 3.6 ಮಿಲಿಜೂಲ್ ಶಕ್ತಿ ಎರಡು ರೋಧಗಳಲ್ಲಿ ಬಿಸಿಯಾಗಿ ಮುಗಿಯುತ್ತದೆ.

ಸುರುಳಿಯ ಪೂರ್ವಕಥೆ ಬದಲಾದರೆ ಉತ್ತರವೂ ಬದಲು. ಸ್ವಿಚ್ ಹಾಕಿ ಬರೀ 5 ಮಿಲಿಸೆಕೆಂಡಿಗೆ ತೆರೆದಿರಿ ಎನ್ನಿ. ಆಗ ಕರೆಂಟು ಶೇ. 63ರಷ್ಟು ಮಾತ್ರ ಏರಿರುತ್ತದೆ, ಸುಮಾರು 0.076 ಆಂಪಿಯರ್. ನೆಗೆತ 76 ವೋಲ್ಟಿಗೇ ನಿಲ್ಲುತ್ತದೆ. ಸರ್ಕ್ಯೂಟ್ ಅದೇ, ಬಿಡಿಭಾಗಗಳು ಅವೇ. 0⁻ ತನಕ ನಡೆದದ್ದನ್ನೆಲ್ಲ ಸುರುಳಿ ಒಂದೇ ಅಂಕಿಯಲ್ಲಿ, ತನ್ನ ಕರೆಂಟಿನಲ್ಲಿ, ಹೊತ್ತು ತರುತ್ತದೆ.

ಪಕ್ಕದ ರೆಸಿಸ್ಟರನ್ನು ಕಿತ್ತರೆ ಏನಾಗುತ್ತದೆ? ಕಾಗದದ ಲೆಕ್ಕ ಇಲ್ಲಿ ಒಡೆಯುತ್ತದೆ. 0.12 ಆಂಪಿಯರ್ ಹರಿಯಲೇಬೇಕು, ದಾರಿಯೇ ಇಲ್ಲ, ಹಾಗಾಗಿ ವೋಲ್ಟೇಜ್ ಅನಂತ ಎನ್ನುತ್ತದೆ ಸೂತ್ರ. ವಾಸ್ತವದಲ್ಲಿ ಒಂದು ದಾರಿ ಇದ್ದೇ ಇರುತ್ತದೆ. ಸುರುಳಿಯ ಸುತ್ತು ಸುತ್ತುಗಳ ನಡುವೆ ಚೂರು ಕೆಪಾಸಿಟೆನ್ಸ್ ಅಡಗಿದೆ, ಅದು 100 ಪಿಕೋಫ್ಯಾರಡ್ ಎಂದುಕೊಳ್ಳೋಣ. ಕೆಪಾಸಿಟರಿಗೂ ಒಂದು ಹಟವಿದೆ, ಅದರ ವೋಲ್ಟೇಜ್ ನೆಗೆಯುವುದಿಲ್ಲ. ಆದ್ದರಿಂದ ನಿಜವಾದ 0⁺ನಲ್ಲಿ ಸುರುಳಿಯ ತುದಿಯಲ್ಲಿ ಇನ್ನೂ +12 ವೋಲ್ಟೇ ಇರುತ್ತದೆ! ಅಲ್ಲಿಂದ ಅದು I/C ವೇಗದಲ್ಲಿ, ಮೈಕ್ರೋಸೆಕೆಂಡಿಗೆ 1200 ವೋಲ್ಟಿನಂತೆ, ಕೆಳಕ್ಕೆ ಧುಮುಕುತ್ತದೆ. ಸುರುಳಿಯ ಶಕ್ತಿಯೆಲ್ಲ ಕೆಪಾಸಿಟೆನ್ಸಿಗೆ ಹೋದರೆ ಶಿಖರ I·√(L/C), ಸುಮಾರು 8500 ವೋಲ್ಟ್. ಈ ಶಿಖರದಲ್ಲಿ ಮಾತ್ರ L ಬರುತ್ತದೆ, C ಕೂಡ ಬರುತ್ತದೆ.

ಆ ಶಿಖರವನ್ನು ಮಾಮೂಲಿ ಸ್ವಿಚ್ಚಿನಲ್ಲಿ ಕಾಣುವುದು ಅಪರೂಪ. ಗಾಳಿಯಲ್ಲಿ ಕಿಡಿ ಹಾರಲು ಮುನ್ನೂರು ಚಿಲ್ಲರೆ ವೋಲ್ಟ್ ಸಾಕು. ಅಷ್ಟು ವೋಲ್ಟೇಜ್ ಕಾಲು ಮೈಕ್ರೋಸೆಕೆಂಡ್ ಚಿಲ್ಲರೆಯಲ್ಲಿ ಬಂದುಬಿಡುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ದೂರ ಸರಿಯುವ ಲೋಹದ ತುದಿಗಳೂ ಅಷ್ಟರಲ್ಲಿ ಒಂದು ಮೈಕ್ರೋಮೀಟರಿನಷ್ಟೂ ಬೇರೆಯಾಗಿರುವುದಿಲ್ಲ. ಹಾಗಾಗಿ ಕಿಡಿ ಹತ್ತುತ್ತದೆ, ಆರುತ್ತದೆ, ಅಂತರ ಹಿಗ್ಗಿದಂತೆ ಮತ್ತೆ ಹತ್ತುತ್ತದೆ. ಸ್ವಿಚ್ಚಿನ ತುದಿಗಳಲ್ಲಿ ಕಪ್ಪು ಕಲೆ, ಗುಳಿ ಕಂಡರೆ, ಆಫ್ ಮಾಡಿದಾಗ ಪಕ್ಕದ ರೇಡಿಯೋದಲ್ಲಿ ‘ಟಪ್’ ಎಂದರೆ, ಕಾರಣ ಇದೇ ಇರುವ ಸಾಧ್ಯತೆ ಹೆಚ್ಚು. ನನ್ನ ಟ್ರಾನ್ಸ್‌ಫಾರ್ಮರಿನ ಕಥೆಯಲ್ಲಿ ಕರೆಂಟು ಹುಡುಕಿಕೊಂಡ ದಾರಿ ನನ್ನ ಎರಡು ಕೈಗಳ ನಡುವಿನ ಮೈ.

ಇಲ್ಲಿ ಒಂದು ಮಾತು ನಿಂತು ಹೇಳಬೇಕು. ಮೊದಲ ಲೆಕ್ಕದಲ್ಲಿ 0⁺ನಲ್ಲಿ −120 ವೋಲ್ಟ್ ಎಂದೆ, ಈಗ 0⁺ನಲ್ಲಿ ಇನ್ನೂ +12 ಎಂದೆ. ಎರಡೂ ಸರಿ. 1000 ಓಮ್ ರೆಸಿಸ್ಟರ್ ಇದ್ದಾಗ ಆ ಚೂರು ಕೆಪಾಸಿಟೆನ್ಸಿನ ಆಟ 0.1 ಮೈಕ್ರೋಸೆಕೆಂಡಿನ ಕಾಲ ಸ್ಥಿರಾಂಕದ್ದು, ಅರ್ಧ ಮೈಕ್ರೋಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಸುರುಳಿಯ ಕರೆಂಟು ಇಳಿಯುವುದು 0.45 ಮಿಲಿಸೆಕೆಂಡಿನ ಅಳತೆಯಲ್ಲಿ, ಅಂದರೆ ಸಾವಿರಾರು ಪಟ್ಟು ನಿಧಾನವಾಗಿ. ಪಠ್ಯದ 0⁺ ಈ ಎರಡರ ನಡುವೆ ನಿಂತಿದೆ: ವೇಗದ ಆಟ ಮುಗಿದಿದೆ, ನಿಧಾನದ ಆಟ ಇನ್ನೂ ಶುರುವಾಗಿಲ್ಲ. ಆಸಿಲೋಸ್ಕೋಪಿನ ಪರದೆಯನ್ನು ಮಿಲಿಸೆಕೆಂಡಿಗೆ ಹೊಂದಿಸಿದರೆ ನೇರ ಗೋಡೆಯಂತೆ ಕಾಣುವ ಅಂಚು, ಮೈಕ್ರೋಸೆಕೆಂಡಿಗೆ ಹಿಗ್ಗಿಸಿದರೆ ಇಳಿಜಾರಾಗಿ ಕಾಣುತ್ತದೆ. ಮಾಮೂಲಿ ಮಲ್ಟಿಮೀಟರಿಗೆ ಇದು ಯಾವುದೂ ಕಾಣುವುದಿಲ್ಲ, ಅದು ಅಷ್ಟು ಚುರುಕಿನದಲ್ಲ. ಸ್ಕೋಪ್ ಹಚ್ಚುವ ಮುಂಚೆ ಪ್ರೋಬ್ ಎಷ್ಟು ವೋಲ್ಟ್ ತಡೆಯುತ್ತದೆ ಎಂದು ತಪ್ಪದೆ ನೋಡಿಕೊಳ್ಳಿ.

ಸ್ವಿಚ್ಚಿನ ಜಾಗದಲ್ಲಿ 45 ವೋಲ್ಟ್ ಮಿತಿಯ ಟ್ರಾನ್ಸಿಸ್ಟರ್ ಇದ್ದರೆ 132 ವೋಲ್ಟ್ ಅದನ್ನು ಸುಡುತ್ತದೆ. ಆ ಮಿತಿಯೊಳಗೆ ಇರಲು 12 + 0.12·R < 45 ಆಗಬೇಕು, ಅಂದರೆ ಪಕ್ಕದ ರೆಸಿಸ್ಟರ್ R 275 ಓಮಿಗಿಂತ ಕಡಿಮೆ. 220 ಓಮ್ ಹಾಕಿದರೆ ಸ್ವಿಚ್ಚಿನ ಮೇಲೆ ಸುಮಾರು 38 ವೋಲ್ಟ್, ಟ್ರಾನ್ಸಿಸ್ಟರ್ ಉಳಿಯುತ್ತದೆ. ಆದರೆ ರಿಲೇ ಆನ್ ಇರುವಷ್ಟು ಹೊತ್ತೂ ಆ ರೆಸಿಸ್ಟರ್ ಸುಮ್ಮನೆ 55 ಮಿಲಿಆಂಪಿಯರ್ ಕುಡಿಯುತ್ತದೆ. ಅದಕ್ಕೇ ಅಲ್ಲಿ ಡಯೋಡ್ ಹಾಕುತ್ತಾರೆ. ಅದರ ಕ್ಯಾಥೋಡ್ ಪ್ಲಸ್ ಕಡೆಗಿರಬೇಕು, ತಿರುಗಿಸಿ ಹಾಕಿದರೆ ಮೂಲವೇ ಶಾರ್ಟ್ ಆಗುತ್ತದೆ. ಆನ್ ಇರುವಾಗ ಡಯೋಡ್ ಏನೂ ಎಳೆಯುವುದಿಲ್ಲ. 0⁺ನಲ್ಲಿ 0.12 ಆಂಪಿಯರ್ ಅದರ ಮೂಲಕ ಸುತ್ತುತ್ತದೆ, ನೆಗೆತ 0.7 ವೋಲ್ಟಿಗೆ ಮುಗಿಯುತ್ತದೆ, ಸ್ವಿಚ್ಚಿಗೆ 12.7 ಮಾತ್ರ.

ಇದಕ್ಕೂ ಒಂದು ಬೆಲೆಯಿದೆ. ವೋಲ್ಟೇಜ್ ಕಡಿಮೆಯಾದರೆ di/dt ಕಡಿಮೆ, ಕರೆಂಟು ಇಳಿಯಲು ಹೊತ್ತು ಜಾಸ್ತಿ. ಶೇ. 20ಕ್ಕೆ ಇಳಿದಾಗ ರಿಲೇ ಬಿಡುತ್ತದೆ ಎಂದುಕೊಂಡರೆ, 1000 ಓಮಿನೊಂದಿಗೆ ಅದು ಸುಮಾರು 0.7 ಮಿಲಿಸೆಕೆಂಡ್, ಡಯೋಡಿನೊಂದಿಗೆ ಸುಮಾರು 7 ಮಿಲಿಸೆಕೆಂಡ್. ಆರ್ಮೇಚರ್ ಸರಿದಾಗ L ಬದಲಾಗುವುದರಿಂದ ಇವು ಅಂದಾಜು ಅಂಕಿಗಳು, ಆದರೆ ಹತ್ತು ಪಟ್ಟಿನ ಅಂತರ ಕಣ್ಣಿಗೆ ಹೊಡೆಯುವಂಥದ್ದು. ನಿಧಾನವಾಗಿ ಬಿಡುವ ರಿಲೇಯ ತುದಿಗಳು ತಮ್ಮ ಹೊರೆಯನ್ನು ಕಡಿಯುವಾಗ ಹೆಚ್ಚು ಹೊತ್ತು ಕಿಡಿಯಲ್ಲಿ ಬೇಯುತ್ತವೆ. ಡಯೋಡಿಗೆ ಎದುರು ದಿಕ್ಕಿನಲ್ಲಿ 24 ವೋಲ್ಟಿನ ಜೀನರ್ ಒಂದನ್ನು ಸರಣಿಯಲ್ಲಿ ಸೇರಿಸಿದರೆ ಸ್ವಿಚ್ಚಿನ ಮೇಲೆ 37 ವೋಲ್ಟಿನ ಆಸುಪಾಸು ಬರುತ್ತದೆ, 45ರ ಮಿತಿ ದಾಟುವುದಿಲ್ಲ, ರಿಲೇ ಸುಮಾರು ಒಂದೂವರೆ ಮಿಲಿಸೆಕೆಂಡಿನಲ್ಲಿ ಬಿಡುತ್ತದೆ.