ತಿದ್ದುವುದಕ್ಕೂ ಒಪ್ಪಿಗೆ ಬೇಕು

ಬೇರೆಯವರ ಫೋಟೋ ವಿಷಯದಲ್ಲಿ ಮೂರು ಸಲ ಕೇಳಬೇಕಾಗುತ್ತದೆ: ತೆಗೆಯಲಾ, ತಿದ್ದಲಾ, ಹಾಕಲಾ. ಮೊದಲನೆಯದನ್ನೂ ಕೊನೆಯದನ್ನೂ ಹೇಗೋ ಕೇಳುತ್ತೇವೆ. ನಡುವಿನದನ್ನು ಕೇಳುವವರು ಕಡಿಮೆ. ಈ ಟಿಪ್ಪಣಿ ಅದರ ಬಗ್ಗೆಯೇ.

2017ರ ನವೆಂಬರ್‌ನಲ್ಲಿ ಗ್ರಾಜಿಯಾ ಪತ್ರಿಕೆಯ ಬ್ರಿಟನ್ ಆವೃತ್ತಿ ನಟಿ ಲುಪಿಟಾ ನ್ಯೊಂಗೊ ಅವರನ್ನು ಮುಖಪುಟದಲ್ಲಿ ಹಾಕಿತು. ತಲೆಯ ಹಿಂದೆ ಕಟ್ಟಿದ್ದ ಗುಂಗುರು ಕೂದಲು ಅದರಲ್ಲಿ ಮಾಯವಾಗಿತ್ತು, ಉಳಿದದ್ದು ನಯವಾಗಿತ್ತು. ತನ್ನನ್ನು ಕೇಳಿದ್ದರೆ ಇದಕ್ಕೆ ಒಪ್ಪುತ್ತಿರಲಿಲ್ಲ ಎಂದು ಅವರು ಬಹಿರಂಗವಾಗಿ ಬರೆದರು. ಪತ್ರಿಕೆಯೂ ಛಾಯಾಗ್ರಾಹಕರೂ ಕ್ಷಮೆ ಕೇಳಿದರು. ಚಿತ್ರವನ್ನು ಅಚ್ಚುಕಟ್ಟು ಮಾಡಲು ಹೋದವರಿಗೆ ಅದು ಬರೀ ಕೂದಲು. ನ್ಯೊಂಗೊ ಅವರಿಗೆ ಅದು ತಮ್ಮ ಜನರ ಗುರುತು. ಯಾವುದು ಕುಂದು, ಯಾವುದು ಗುರುತು ಅಂತ ಎಡಿಟ್ ಮಾಡುವವರಿಗೆ ಹೇಗೆ ತಿಳಿಯಬೇಕು?

ರೀಟಚ್ ಮಾಡುವವರು ಬಳಸುವ ಒಂದು ಅಂದಾಜು ಇದೆ: ಎರಡು ವಾರದಲ್ಲಿ ತಾನಾಗಿ ಹೋಗುವಂಥದ್ದನ್ನು ತೆಗೆಯಬಹುದು, ಉಳಿಯುವಂಥದ್ದನ್ನು ಮುಟ್ಟಬಾರದು. ಮೊಡವೆಯನ್ನು ಹೀಲಿಂಗ್ ಬ್ರಷ್‌ನಿಂದ ತೆಗೆಯಿರಿ. ಮಚ್ಚೆ, ಗಾಯದ ಕಲೆ, ಮೂಗಿನ ಆಕಾರವನ್ನು ಬಿಡಿ. ಒಳ್ಳೆಯ ಅಂದಾಜು, ಆದರೆ ಅದು ಒಪ್ಪಿಗೆಯಲ್ಲ. ನಾನೊಮ್ಮೆ ಗೆಳತಿಯ ಗಲ್ಲದ ಮಚ್ಚೆಯನ್ನು ಕೇಳದೇ ಅಳಿಸಿದ್ದೆ. "ನಮ್ಮಮ್ಮನಿಗೂ ಅದೇ ಜಾಗದಲ್ಲಿದೆ, ಯಾಕೆ ತೆಗೆದೆ?" ಅಂದಳು. ಆಮೇಲೆ ಅವಳೇ ಕಣ್ಣಿನ ಕೆಳಗಿನ ಕಪ್ಪನ್ನು ಸ್ವಲ್ಪ ತಿಳಿ ಮಾಡು ಅಂದಳು. ನಾನು ಅದನ್ನು ಮುಟ್ಟಿರಲೇ ಇಲ್ಲ!

ಅಂದಿನಿಂದ ನಾನು ಮಾಡುವುದು ಇಷ್ಟು. ಮೂಲ ಚಿತ್ರವನ್ನು ಹಾಗೇ ಇಟ್ಟು, ಪ್ರತಿ ತಿದ್ದುಪಡಿಯನ್ನೂ ಬೇರೆ ಲೇಯರ್‌ನಲ್ಲಿ ಮಾಡುತ್ತೇನೆ. ಹಾಕುವ ಮುನ್ನ ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಕಳಿಸಿ, ಏನೇನು ಬದಲಾಗಿದೆ ಅಂತ ಬರೆಯುತ್ತೇನೆ. ಹೊಸದನ್ನು ಮಾತ್ರ ಕಳಿಸಿದರೆ ಹೆಚ್ಚಿನವರು ಚೆನ್ನಾಗಿದೆ ಅಂದುಬಿಡುತ್ತಾರೆ, ಯಾಕೆಂದರೆ ಏನು ಹೋಯಿತು ಅಂತ ಅವರಿಗೆ ಕಾಣುವುದೇ ಇಲ್ಲ. ಬೇಡ ಅಂದ ಲೇಯರನ್ನು ಆಫ್ ಮಾಡಿದರೆ ಆಯಿತು. ಗುಂಪು ಫೋಟೋದಲ್ಲಿ ಒಬ್ಬರನ್ನಷ್ಟೇ ತೆಳ್ಳಗೆ ಮಾಡಿದರೆ ಉಳಿದವರ ಜೊತೆಗಿನ ಅಳತೆಯೂ ಕೆಡುತ್ತದೆ, ಹಾಗಾಗಿ ಅಲ್ಲಿ ಆಕಾರಕ್ಕೆ ಕೈ ಹಾಕುವುದಿಲ್ಲ.

ಇನ್ನು ನೋಡುವವರ ವಿಷಯ. ಬೆಳಕು, ಬಣ್ಣ ಸರಿ ಮಾಡಿದ್ದನ್ನು ಹೇಳಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಮೈಬಣ್ಣ ತಿಳಿಯಾಗದಿದ್ದರೆ ಮಾತ್ರ. ದೇಹದ ಆಕಾರ ಅಥವಾ ಚರ್ಮ ಬದಲಾಗಿದ್ದರೆ ಹೇಳಲೇಬೇಕು. ನಾರ್ವೆಯಲ್ಲಿ 2022ರ ಜುಲೈನಿಂದ ಜಾಹೀರಾತುಗಳಿಗೆ ಇದೇ ಕಾನೂನು: ದೇಹದ ಆಕಾರ, ಗಾತ್ರ, ಚರ್ಮ ತಿದ್ದಿದ್ದರೆ ಚಿತ್ರದ ಮೇಲೆ ಗುರುತು ಇರಬೇಕು. ನಮ್ಮ ಖಾಸಗಿ ಪೋಸ್ಟ್‌ಗಳಿಗೆ ಆ ಕಾನೂನು ತಾಗುವುದಿಲ್ಲ. ಆದರೂ ಆಕಾರವನ್ನು ಎಳೆದು ಒತ್ತಿ ಬದಲಿಸುವ ಲಿಕ್ವಿಫೈ ಸಾಧನ ಬಳಸಿ ಸೊಂಟ ಒತ್ತಿದಾಗ ಹಿಂದಿನ ಬಾಗಿಲ ಚೌಕಟ್ಟು ಬಾಗುತ್ತದೆ ಅಲ್ವಾ? ಯಾರೋ ಅದನ್ನು ಗಮನಿಸಿದರೆ ಕಮೆಂಟ್‌ಗಳನ್ನು ಓದಬೇಕಾಗುವುದು ಫೋಟೋದಲ್ಲಿರುವವರು, ತಿದ್ದಿದ ನಾವಲ್ಲ. ಅದಕ್ಕೇ ಪೋಸ್ಟ್‌ನ ಕೆಳಗೆ "ಎಡಿಟ್ ಮಾಡಿದ್ದು ನಾನು" ಅಂತ ಬರೆಯುವ ಮೊದಲು, ಹಾಗೆ ಬರೆಯಬಹುದಾ ಅಂತಲೂ ಅವರನ್ನೇ ಕೇಳುತ್ತೇನೆ.