ಯೂರೊ ನಾಣ್ಯದ ಮೇಲೆ ದೇಶದ ಹೆಸರಿಲ್ಲದಿದ್ದರೆ ಅದು ಎಲ್ಲಿಯದೆಂದು ತಿಳಿಯುವುದು ಹೇಗೆ?

ಪ್ರಶ್ನೆ: ನನ್ನಲ್ಲಿ 2002ರ ಇಸವಿ ಇರುವ 1 ಯೂರೊ ನಾಣ್ಯವಿದೆ. ಅದರ ಮೇಲೆ ಗೂಬೆಯ ಚಿತ್ರವಿದ್ದು, ಅಂಚಿನ ನಕ್ಷತ್ರವೊಂದರೊಳಗೆ ಇಂಗ್ಲಿಷಿನ ‘ಎಸ್’ ಅಕ್ಷರವಿದೆ. ದೇಶದ ಹೆಸರು ಎಲ್ಲಿಯೂ ಇಲ್ಲ. ಇದು ಸ್ಪೇನಿನದೆಂದು ಒಬ್ಬರು, ಸ್ಲೊವೇನಿಯದ್ದೆಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿಯಲ್ಲ. ನಿಮ್ಮ ನಾಣ್ಯ ಗ್ರೀಸ್ ದೇಶದ್ದು. ಇಬ್ಬರನ್ನೂ ದಾರಿ ತಪ್ಪಿಸಿರುವುದು ಆ ಪುಟ್ಟ ಅಕ್ಷರ.

ಯೂರೊ ನಾಣ್ಯಗಳ ಒಂದು ಮುಖ ಎಲ್ಲ ದೇಶಗಳಿಗೂ ಸಮಾನ. ಅದರಲ್ಲಿ ಮೌಲ್ಯ ಮತ್ತು ಭೂಪಟ ಇರುತ್ತವೆ. ಇನ್ನೊಂದು ಮುಖವನ್ನು ಆಯಾ ದೇಶ ತಾನೇ ರೂಪಿಸುತ್ತದೆ, ಅಲ್ಲಿ ಹನ್ನೆರಡು ನಕ್ಷತ್ರಗಳ ಸುತ್ತುಗಟ್ಟು ಕಡ್ಡಾಯ. ಆರಂಭದಲ್ಲಿ ದೇಶದ ಹೆಸರು ಕಡ್ಡಾಯವಾಗಿರಲಿಲ್ಲವಾದ್ದರಿಂದ ಜರ್ಮನಿ, ಆಸ್ಟ್ರಿಯ, ಗ್ರೀಸ್, ಬೆಲ್ಜಿಯಂ, ಫಿನ್ಲೆಂಡ್ ದೇಶಗಳು ಅದನ್ನು ಬಿಟ್ಟುಬಿಟ್ಟವು. ಮುಂದೆ ಹೆಸರನ್ನಾಗಲಿ ಅದರ ಸಂಕ್ಷೇಪವನ್ನಾಗಲಿ ಹಾಕಬೇಕೆಂಬ ನಿಯಮ ಬಂದಾಗ ಫಿನ್ಲೆಂಡ್ ‘ಎಫ್ ಐ’ ಎಂದೂ ಬೆಲ್ಜಿಯಂ ‘ಬಿ ಇ’ ಎಂದೂ ಸೇರಿಸಿದವು. ಹಳೆಯ ವಿನ್ಯಾಸಗಳನ್ನು ತಿದ್ದಲು 2062ರವರೆಗೆ ಕಾಲಾವಕಾಶವಿರುವುದರಿಂದ ಉಳಿದವರಿಗೆ ಯಾವ ಅವಸರವೂ ಇಲ್ಲ.

ಈಗ ನಿಮ್ಮ ನಾಣ್ಯವನ್ನೇ ನೋಡೋಣ. ಮೊದಲು ಗಮನಿಸಬೇಕಾದದ್ದು ಲಿಪಿ. ಗೂಬೆಯ ಪಕ್ಕದಲ್ಲಿ 1ರ ಜೊತೆಗೆ ಬರೆದಿರುವ ಪದ ಯೂರೊ ಎಂಬುದೇ, ಆದರೆ ಗ್ರೀಕ್ ಅಕ್ಷರಗಳಲ್ಲಿದೆ. ಕೊನೆಯ ಅಕ್ಷರ ಲಾಳದ ಆಕಾರದ ಒಮೆಗಾ. ರಾಷ್ಟ್ರೀಯ ಮುಖದ ಮೇಲೆ ಮೌಲ್ಯವನ್ನು ಹೀಗೆ ಗ್ರೀಕ್ ಲಿಪಿಯಲ್ಲಿ ಮತ್ತೆ ಬರೆದಿರುವುದೇ ಗ್ರೀಸಿನ ನಾಣ್ಯವೆಂಬುದಕ್ಕೆ ಸಾಕಷ್ಟು ಬಲವಾದ ಗುರುತು. ಚಿತ್ರವೂ ಇದನ್ನೇ ಹೇಳುತ್ತದೆ: ಆ ಗೂಬೆಯನ್ನು ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನ ನಾಲ್ಕು ದ್ರಾಕ್ಮದ ಬೆಳ್ಳಿ ನಾಣ್ಯದಿಂದ ತೆಗೆದುಕೊಳ್ಳಲಾಗಿದೆ.

ಹಾಗಾದರೆ ‘ಎಸ್’ ಏನು? ಅದು ಟಂಕಸಾಲೆಯ ಗುರುತು. ಗ್ರೀಸಿಗೆ 2002ರಲ್ಲಿ ಬೇಕಾಗಿದ್ದ ನಾಣ್ಯಗಳಲ್ಲಿ ಒಂದು ಭಾಗವನ್ನು ಬೇರೆ ದೇಶಗಳಲ್ಲಿ ಅಚ್ಚು ಹಾಕಿಸಲಾಯಿತು. 1 ಮತ್ತು 2 ಯೂರೊಗಳಲ್ಲಿ ಕೆಲವು ಫಿನ್ಲೆಂಡಿನಲ್ಲಿ ತಯಾರಾದವು. ಅದರ ಫಿನ್ನಿಷ್ ಹೆಸರಾದ ‘ಸುವೋಮಿ’ಯ ಮೊದಲ ಅಕ್ಷರವೇ ನಿಮ್ಮ ನಕ್ಷತ್ರದೊಳಗಿರುವುದು. ಹೀಗೆಯೇ ಸ್ಪೇನಿನಲ್ಲಿ ಅಚ್ಚಾದ 20 ಸೆಂಟುಗಳಲ್ಲಿ ‘ಇ’ ಅಕ್ಷರವೂ, ಫ್ರಾನ್ಸಿನಲ್ಲಿ ಅಚ್ಚಾದ ಇತರ ಸೆಂಟುಗಳಲ್ಲಿ ‘ಎಫ್’ ಅಕ್ಷರವೂ ಇವೆ. ಸ್ಲೊವೇನಿಯವಂತೂ ಯೂರೊ ವಲಯ ಸೇರಿದ್ದೇ 2007ರಲ್ಲಿ, ಆದ್ದರಿಂದ ಇಸವಿಯೊಂದೇ ಆ ಊಹೆಯನ್ನು ತಳ್ಳಿಹಾಕುತ್ತದೆ.

ನಮ್ಮ ರೂಪಾಯಿ ನಾಣ್ಯದಲ್ಲಿ ಇಸವಿಯ ಕೆಳಗಿರುವ ನಕ್ಷತ್ರ ಹೈದರಾಬಾದ್ ಟಂಕಸಾಲೆಯದು, ವಜ್ರಾಕೃತಿ ಮುಂಬಯಿಯದು. ಯೂರೊದ ಒಂಟಿ ಅಕ್ಷರವನ್ನೂ ಅಷ್ಟರಮಟ್ಟಿಗೇ ನಂಬಬೇಕು. ಗ್ರೀಸಿನ ನಾಣ್ಯದಲ್ಲಿ ಫ್ರಾನ್ಸನ್ನು ಸೂಚಿಸುವ ‘ಎಫ್’ ಜರ್ಮನಿಯ ಹದ್ದಿನ ನಾಣ್ಯದಲ್ಲಿ ಸ್ಟುಟ್‌ಗಾರ್ಟ್ ಟಂಕಸಾಲೆಯನ್ನು ಸೂಚಿಸುತ್ತದೆ. ಜರ್ಮನಿಯ ‘ಡಿ’ ಇನ್ನೂ ತೊಡಕಿನದು. ಅದನ್ನು ಕಂಡೊಡನೆ ಡಾಯ್ಚ್‌ಲ್ಯಾಂಡ್ ಎಂದು ಓದಿಕೊಳ್ಳುವವರು ಬಹಳ; ಉತ್ತರ ಸರಿಯಾದರೂ ಕಾರಣ ತಪ್ಪು, ಏಕೆಂದರೆ ದಿನಬಳಕೆಯ ನಾಣ್ಯಗಳಲ್ಲಿ ಅದು ಮ್ಯೂನಿಕ್ ಟಂಕಸಾಲೆಯ ಗುರುತು. ಬರ್ಲಿನ್ನಿನಲ್ಲಿ ಅಚ್ಚಾದ ಅದೇ ನಾಣ್ಯದಲ್ಲಿ ‘ಎ’ ಇರುತ್ತದೆ.

ನಿಮ್ಮ ಕೈಗೆ ಬಂದದ್ದು 2 ಯೂರೊ ಆಗಿದ್ದರೆ ಅದರ ಅಂಚನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಬಹುದು. ಜರ್ಮನಿಯ ಅಂಚಿನಲ್ಲಿ ಐಕ್ಯ, ನ್ಯಾಯ, ಸ್ವಾತಂತ್ರ್ಯ ಎಂಬರ್ಥದ ಜರ್ಮನ್ ಮಾತುಗಳಿವೆ. ಗ್ರೀಸಿನ ಅಂಚಿನಲ್ಲಿ ದೇಶದ ಪೂರ್ಣ ಹೆಸರೇ ಗ್ರೀಕ್ ಲಿಪಿಯಲ್ಲಿದೆ. ಆದರೆ ಫ್ರಾನ್ಸ್, ಬೆಲ್ಜಿಯಂ, ಸ್ಪೇನ್ ಮೊದಲಾದ ದೇಶಗಳು 2 ಎಂಬ ಅಂಕೆ ಮತ್ತು ನಕ್ಷತ್ರಗಳನ್ನು ಒಂದೇ ರೀತಿಯಲ್ಲಿ ಬಳಸುವುದರಿಂದ ಅಂಥ ಅಂಚು ನಿರ್ಣಾಯಕವಲ್ಲ.

ಚಿತ್ರವೂ ಕೈಕೊಡುವ ಸಂದರ್ಭವೊಂದಿದೆ. ರೋಮ್ ಒಪ್ಪಂದದ ಐವತ್ತನೆಯ ವರ್ಷಕ್ಕೆಂದು 2007ರಲ್ಲಿ ಯೂರೊ ವಲಯದ ದೇಶಗಳೆಲ್ಲ ಒಂದೇ ವಿನ್ಯಾಸದ 2 ಯೂರೊ ಸ್ಮಾರಕ ನಾಣ್ಯ ಹೊರಡಿಸಿದವು. 2009, 2012, 2015 ಮತ್ತು 2022ರಲ್ಲಿಯೂ ಹೀಗೆ ಮಾಡಲಾಯಿತು. ಇವುಗಳಲ್ಲಿ ಗೂಬೆ, ಹದ್ದುಗಳನ್ನು ಹುಡುಕಿ ಫಲವಿಲ್ಲ. ಚಿತ್ರದ ಆಸುಪಾಸಿನಲ್ಲಿ ಸಣ್ಣದಾಗಿ ಮುದ್ರಿಸಿರುವ ದೇಶದ ಹೆಸರನ್ನು ಭೂತಗನ್ನಡಿಯಿಂದ ಓದಬೇಕಾಗುತ್ತದೆ.